ಔಟ್ ಫಾರ್ ಡೆಲಿವರಿ ಅಂತ ಬಂತು, ಪಾರ್ಸಲ್ ಮಾತ್ರ ಬರಲಿಲ್ಲ: ಟ್ರ್ಯಾಕಿಂಗ್ ಸಾಲುಗಳನ್ನು ಓದುವ ಬಗೆ

ದಾವಣಗೆರೆಯ ವಿದ್ಯಾನಗರದ ಕಡೆ ಒಂದು ಚಿಕ್ಕ ಕೊರಿಯರ್ ಕೌಂಟರ್ ನೋಡಿಕೊಳ್ಳುತ್ತೇನೆ. ಪಾರ್ಸಲ್ ಕೊಡಲು ಬರುವವರಿಗಿಂತ ಮೊಬೈಲ್ ತೋರಿಸಿ ಕೇಳಲು ಬರುವವರೇ ಜಾಸ್ತಿ. "ಅಣ್ಣಾ, ಎರಡು ದಿನದಿಂದ ಇದನ್ನೇ ತೋರಿಸ್ತೈತಿ. ಏನಾಗೈತಿ ನೋಡ್ರೀ ಸ್ವಲ್ಪ." ಆ ಪಾರ್ಸಲ್ ನಮ್ಮ ಕಂಪನಿಯದ್ದೇ ಆಗಿರಬೇಕು ಅಂತೇನೂ ಇಲ್ಲ. ಕೊರಿಯರ್ ಬೋರ್ಡ್ ಕಂಡರೆ ಸಾಕು, ಕೇಳುತ್ತಾರೆ. ಕೇಳಲಿ, ತಪ್ಪೇನಿಲ್ಲ. ಯಾವ ಕಂಪನಿಯದ್ದಾದರೂ ಈ ಸಾಲುಗಳು ಹುಟ್ಟುವ ರೀತಿ ಹೆಚ್ಚುಕಮ್ಮಿ ಒಂದೇ.

ಮೊದಲು ಆ ರೀತಿ ಗೊತ್ತಾಗಬೇಕು. ಪಾರ್ಸಲ್ ಮೇಲೆ ಒಂದು ಬಾರ್‌ಕೋಡ್ ಸ್ಟಿಕ್ಕರ್ ಇರುತ್ತದೆ. ದಾರಿಯಲ್ಲಿ ಯಾರಾದರೂ ಅದರ ಮೇಲೆ ಸ್ಕ್ಯಾನರ್ ಹಿಡಿದು ಬೀಪ್ ಅನಿಸಿದಾಗ ಒಂದು ಸಾಲು ಹುಟ್ಟುತ್ತದೆ. ಬೀಪ್ ಆಗದಿದ್ದರೆ ಸಾಲೂ ಇಲ್ಲ. ಪಾರ್ಸಲ್ ಒಳಗೆ ಜಿಪಿಎಸ್ ಇರುವುದಿಲ್ಲ. ಕೆಲವು ಆ್ಯಪ್‌ಗಳಲ್ಲಿ ಕೊನೇ ಹೊತ್ತಿಗೆ ನಕ್ಷೆ ಮೇಲೆ ಬೈಕ್ ಓಡುವುದು ಕಾಣುತ್ತದಲ್ಲ, ಅದು ಡೆಲಿವರಿ ಹುಡುಗನ ಮೊಬೈಲ್ ಇರುವ ಜಾಗ, ನಿಮ್ಮ ಡಬ್ಬಿಯದ್ದಲ್ಲ. ಹಾಗಾಗಿ ಟ್ರ್ಯಾಕಿಂಗ್ ಪುಟ ಹೇಳುವುದು "ಪಾರ್ಸಲ್ ಈಗ ಎಲ್ಲಿದೆ" ಅಂತ ಅಲ್ಲ. "ಕೊನೇ ಸಲ ಎಲ್ಲಿ, ಎಷ್ಟು ಗಂಟೆಗೆ, ಏನು ಅಂತ ಬರೆದರು" ಅಂತ ಅಷ್ಟೇ.

ಒಂದು ಪಾರ್ಸಲ್ ಇಟ್ಟುಕೊಂಡೇ ನೋಡೋಣ. ಸೂರತ್‌ನ ಅಂಗಡಿಯೊಂದರಿಂದ ಒಬ್ಬರು 1,250 ರೂಪಾಯಿಯ ಸೀರೆ ತರಿಸುತ್ತಿದ್ದಾರೆ ಅಂದುಕೊಳ್ಳಿ. ಮನೆ ವಿದ್ಯಾನಗರದಲ್ಲಿ, ದುಡ್ಡು ಮೊದಲೇ ಯುಪಿಐನಲ್ಲಿ ಕಟ್ಟಿದ್ದಾರೆ. ಅವರ ಪರದೆ ಮೇಲೆ ಶುಕ್ರವಾರ ರಾತ್ರಿ ಹೀಗಿರುತ್ತದೆ:

```
Mon 21:40  Label Created     Surat
Tue 17:15  Picked Up         Surat
Tue 23:05  Dispatched        Surat Hub
Thu 14:30  Received          Bengaluru Hub
Thu 22:50  Dispatched        Bengaluru Hub
Fri 06:20  Received          Davanagere
Fri 09:10  Out for Delivery  Davanagere
Fri 20:45  Undelivered       Customer not available
```

ಸೋಮವಾರದ "Label Created" ನೋಡಿ ಸೀರೆ ಹೊರಟಿತು ಅಂದುಕೊಳ್ಳುವವರು ಬಹಳ. ಇನ್ನೂ ಇಲ್ಲ. ಮಾರಾಟಗಾರ ಕಂಪ್ಯೂಟರ್‌ನಲ್ಲಿ ಸ್ಟಿಕ್ಕರ್ ಪ್ರಿಂಟ್ ಹಾಕಿದ್ದಾನೆ, ಪಾರ್ಸಲ್‌ಗೆ ಒಂದು ನಂಬರ್ ಬಂದಿದೆ, ಅಷ್ಟೇ. ಕೆಲವು ಕಡೆ ಇದನ್ನೇ "Manifested" ಅಂತ ತೋರಿಸುತ್ತಾರೆ, ಕೆಲವು ಕಡೆ "Shipment Booked" ಅಂತ. ಆ ನಂಬರನ್ನು ನಾವು ಎಡಬ್ಲ್ಯೂಬಿ ನಂಬರ್ ಅನ್ನುತ್ತೇವೆ. ವಿಮಾನದ ಸರಕಿನ ಕಾಲದಿಂದ ಬಂದ ಹೆಸರು, ಲಾರಿಯಲ್ಲಿ ಹೋಗುವುದಕ್ಕೂ ಅದೇ. ಸೀರೆ ಅಂಗಡಿಯಿಂದ ನಿಜವಾಗಿ ಹೊರಬಿದ್ದಿದ್ದು ಮಂಗಳವಾರ ಸಂಜೆ, "Picked Up" ಅಂತ ಬಂದಾಗ. ಮೊದಲ ಸಾಲಿನಲ್ಲೇ ನಾಲ್ಕೈದು ದಿನ ನಿಂತಿದ್ದರೆ ಕೊರಿಯರ್‌ನವರಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ. ಅವರ ಕೈಗೆ ಪಾರ್ಸಲ್ಲೇ ಬಂದಿಲ್ಲ. ಮಾರಾಟಗಾರನನ್ನು ಕೇಳಬೇಕು. ಎಷ್ಟೋ ಸಲ ಅವನ ಹತ್ತಿರ ಸ್ಟಾಕ್ ಇರುವುದಿಲ್ಲ. ಆದರೂ ಆರ್ಡರ್ ಕೈತಪ್ಪಬಾರದು ಅಂತ ಲೇಬಲ್ ಮಾತ್ರ ತೆಗೆದು ಇಟ್ಟಿರುತ್ತಾನೆ. ಈ ಹಂತದಲ್ಲಿ ಕ್ಯಾನ್ಸಲ್ ಮಾಡುವುದು ಸುಲಭ.

"Dispatched" ಅನ್ನುವುದು ಒಂದೇ ಸಲ ಬರುವ ಸಾಲಲ್ಲ. ಸೂರತ್ ಹಬ್ ಬಿಟ್ಟಾಗ ಒಂದು ಸಲ, ಬೆಂಗಳೂರು ಹಬ್ ಬಿಟ್ಟಾಗ ಇನ್ನೊಂದು ಸಲ. ಅಂಗಡಿಯ ಆ್ಯಪ್ ಮಾತ್ರ ಇವೆಲ್ಲವನ್ನೂ ಸೇರಿಸಿ ಒಂದೇ ಹಸಿರು ಚುಕ್ಕೆ ತೋರಿಸುತ್ತದೆ. ಅದಕ್ಕೇ ನಾನು ಹೇಳುವುದು, ಆ ಚುಕ್ಕೆಗಳನ್ನು ಬಿಟ್ಟು ಎಡಬ್ಲ್ಯೂಬಿ ನಂಬರ್ ಕಾಪಿ ಮಾಡಿಕೊಂಡು ಕೊರಿಯರ್ ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಅಲ್ಲಿ ಊರು, ಗಂಟೆ ಎಲ್ಲಾ ಇರುತ್ತದೆ. ಡಿಸ್ಪ್ಯಾಚ್ ಅಂದರೆ ಏನು ಅನ್ನುವುದಕ್ಕಿಂತ ಎಲ್ಲಿಂದ ಡಿಸ್ಪ್ಯಾಚ್ ಅನ್ನುವುದು ಮುಖ್ಯ.

ಈಗ ಮಂಗಳವಾರ ರಾತ್ರಿ 11 ಗಂಟೆಯಿಂದ ಗುರುವಾರ ಮಧ್ಯಾಹ್ನದವರೆಗೆ ನೋಡಿ. ಒಂದು ಸಾಲೂ ಇಲ್ಲ. "In Transit" ಅಂತ ಸುಮ್ನೆ ನಿಂತಿರುವುದು ಇಂಥ ಹೊತ್ತಲ್ಲೇ. ಕಾರಣ ಇಷ್ಟು. ಒಂದೇ ದಿಕ್ಕಿಗೆ ಹೋಗುವ ನೂರಾರು ಪಾರ್ಸಲ್‌ಗಳನ್ನು ದೊಡ್ಡ ಚೀಲಗಳಿಗೆ ತುಂಬಿ ಸೀಲ್ ಹಾಕುತ್ತಾರೆ. ಆಮೇಲೆ ಸ್ಕ್ಯಾನ್ ಆಗುವುದು ಚೀಲ. ಚೀಲ ಬಿಚ್ಚುವವರೆಗೆ ಒಳಗಿನ ಸೀರೆಗೆ ಬೀಪ್ ಇಲ್ಲ. ಸೂರತ್‌ನಿಂದ ಬೆಂಗಳೂರಿಗೆ 1,200 ಕಿಲೋಮೀಟರ್ ಮೇಲಿದೆ. ಲಾರಿ ಓಡುತ್ತಿರುವಷ್ಟು ಹೊತ್ತೂ ಪುಟ ಮೌನವಾಗಿರುತ್ತದೆ.

ನಮ್ಮೂರಿನವರಿಗೆ ಇಲ್ಲಿ ಇನ್ನೊಂದು ಹೊಟ್ಟೆಯುರಿ. ಸೂರತ್ ಇರುವುದು ರಾಷ್ಟ್ರೀಯ ಹೆದ್ದಾರಿ 48ರ ಮೇಲೆ, ದಾವಣಗೆರೆ ಇರುವುದೂ ಅದೇ ಹೆದ್ದಾರಿ ಮೇಲೆ. ಮುಂಬೈ, ಪುಣೆ, ಹುಬ್ಬಳ್ಳಿ ದಾಟಿ ಲಾರಿ ನಮ್ಮ ಬೈಪಾಸ್‌ನಲ್ಲೇ ಹೋಗುತ್ತದೆ. ಆದರೆ ಸೀರೆ ಇಲ್ಲಿ ಇಳಿಯುವುದಿಲ್ಲ. ಚಿತ್ರದುರ್ಗ, ತುಮಕೂರು ದಾಟಿ ಬೆಂಗಳೂರಿಗೆ ಹೋಗಿ, ಅಲ್ಲಿ ಚೀಲ ಬಿಚ್ಚಿ, ಊರೂರಿಗೆ ಬೇರೆ ಮಾಡಿ, ಮತ್ತೆ 260 ಕಿಲೋಮೀಟರ್ ವಾಪಸ್ ಬರುತ್ತದೆ. "ನಮ್ಮೂರು ದಾಟಿಸಿಕೊಂಡು ಹೋಗ್ಯಾರಲ್ರೀ, ಇವರಿಗೇನು ಬುದ್ಧಿ ಇಲ್ವಾ?" ಅಂತ ಕೇಳುತ್ತಾರೆ. ಚೀಲ ಬಿಚ್ಚಿ ವಿಂಗಡಿಸುವ ಮಷಿನ್ ಮತ್ತು ಜನ ಇರುವುದು ಹಬ್‌ನಲ್ಲಿ. ನಾಲ್ಕು ಪಾರ್ಸಲ್‌ಗೋಸ್ಕರ ದೊಡ್ಡ ಲಾರಿಯನ್ನು ನಡುದಾರಿಯಲ್ಲಿ ನಿಲ್ಲಿಸಿ ಸೀಲ್ ಒಡೆಯುವುದಿಲ್ಲ. ಹುಬ್ಬಳ್ಳಿಯಲ್ಲಿ ಹಬ್ ಇಟ್ಟುಕೊಂಡ ಕಂಪನಿಯಾದರೆ ಅಲ್ಲಿಂದಲೇ ಬರಬಹುದು. ಅದು ಕಂಪನಿಯ ಮೇಲೆ ಹೋಗುತ್ತದೆ. ಬೆಂಗಳೂರು ಅಂತ ಕಂಡರೆ ದಾರಿ ತಪ್ಪಿದೆ ಅಂತ ಗಾಬರಿ ಬೀಳಬೇಡಿ.

ನಿಜವಾಗಿ ದಾರಿ ತಪ್ಪುವುದು ಪಿನ್‌ಕೋಡ್‌ನಿಂದ. ಹಬ್‌ನಲ್ಲಿ ಪಾರ್ಸಲ್ ಯಾವ ಚೀಲಕ್ಕೆ ಬೀಳಬೇಕು ಅಂತ ತೀರ್ಮಾನ ಮಾಡುವುದು ಆ ಆರು ಅಂಕಿ, ನೀವು ಬರೆದ ಊರಿನ ಹೆಸರಲ್ಲ. ನಮ್ಮ ಭಾಗದಲ್ಲಿ ಇದೊಂದು ತೊಂದರೆ ಇದೆ. ದಾವಣಗೆರೆ 577001, ಚಿಕ್ಕಮಗಳೂರು 577101, ಶಿವಮೊಗ್ಗ 577201, ಚಿತ್ರದುರ್ಗ 577501, ಹರಿಹರ 577601. ಒಂದೇ ಒಂದು ಅಂಕಿ ವ್ಯತ್ಯಾಸ. 577001 ಹಾಕುವಲ್ಲಿ ಕೈತಪ್ಪಿ 577201 ಒತ್ತಿದರೆ, ವಿಳಾಸದಲ್ಲಿ ದೊಡ್ಡದಾಗಿ ದಾವಣಗೆರೆ ಅಂತ ಇದ್ದರೂ ಪಾರ್ಸಲ್ ಶಿವಮೊಗ್ಗ ನೋಡಿಕೊಂಡೇ ಬರುತ್ತದೆ. ಆಗ "Misrouted" ಅಂತಲೋ "Incorrect Pincode" ಅಂತಲೋ ಸಾಲು ಬರುತ್ತದೆ. ನಿಮ್ಮದಲ್ಲದ ಊರಿನಲ್ಲಿ "Received" ಕಂಡರೆ ಮೊದಲು ಆರ್ಡರ್ ತೆರೆದು ಪಿನ್ ನೋಡಿ. ಪಿನ್ ಸರಿಯಿದ್ದರೆ ತಪ್ಪು ವಿಂಗಡಣೆಯದ್ದು, ಹೆಚ್ಚಿನ ಸಲ ತಾನಾಗೇ ಒಂದೆರಡು ದಿನದಲ್ಲಿ ತಿರುಗಿ ಬರುತ್ತದೆ. ಪಿನ್ನೇ ತಪ್ಪಿದ್ದರೆ ಅದು ತಾನಾಗೇ ಬರುವುದಿಲ್ಲ. ಅಂಗಡಿಯವರಿಂದ ವಿಳಾಸ ತಿದ್ದಿಸಬೇಕು.

ಈಗ ಶುಕ್ರವಾರ ಬೆಳಿಗ್ಗೆ. ಲಾರಿ ಬಂದಿದೆ, ಚೀಲ ಬಿಚ್ಚಿದ್ದಾರೆ, 6:20ಕ್ಕೆ ಸೀರೆ ದಾವಣಗೆರೆ ಆಫೀಸಿನಲ್ಲಿದೆ. 9:10ಕ್ಕೆ "Out for Delivery". ಜನ ಅತಿ ಹೆಚ್ಚು ನಂಬುವ ಸಾಲು ಇದು, ಅತಿ ಹೆಚ್ಚು ಬೈಗುಳ ತಿನ್ನುವ ಸಾಲೂ ಇದೇ.

ಆಗುವುದು ಇದು. ಡೆಲಿವರಿ ಆಫೀಸಿನಲ್ಲಿ ಪಾರ್ಸಲ್‌ಗಳನ್ನು ಏರಿಯಾ ಪ್ರಕಾರ ಗುಡ್ಡೆ ಹಾಕುತ್ತಾರೆ. ವಿದ್ಯಾನಗರ ಒಬ್ಬನಿಗೆ, ನಿಟ್ಟುವಳ್ಳಿ ಇನ್ನೊಬ್ಬನಿಗೆ, ಎಂಸಿಸಿ ಬಿ ಬ್ಲಾಕ್ ಮತ್ತೊಬ್ಬನಿಗೆ. ಪ್ರತಿ ಹುಡುಗ ತನ್ನ ಗುಡ್ಡೆಯನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ ತನ್ನ ಹೆಸರಿಗೆ ಬರೆಸಿಕೊಳ್ಳುತ್ತಾನೆ. ಈ ಪಟ್ಟಿಗೆ ರನ್ ಶೀಟ್ ಅನ್ನುತ್ತೇವೆ. ಪಟ್ಟಿ ಮುಚ್ಚಿದ ಕೂಡಲೇ ಅದರಲ್ಲಿರುವ ಎಲ್ಲಾ ಪಾರ್ಸಲ್‌ಗಳಿಗೂ ಒಟ್ಟಿಗೆ ಔಟ್ ಫಾರ್ ಡೆಲಿವರಿ ಅಂತ ಮೆಸೇಜ್ ಹೋಗುತ್ತದೆ. ಆಗ ಬೈಕ್ ಇನ್ನೂ ಸ್ಟ್ಯಾಂಡ್ ಮೇಲೆ ನಿಂತಿರುತ್ತದೆ. ಹುಡುಗ ಬ್ಯಾಗಿಗೆ ತುಂಬುತ್ತಿರುತ್ತಾನೆ. ನಿಮ್ಮದು ಅವನ ಪಟ್ಟಿಯಲ್ಲಿ ಮೂರನೆಯದೋ ಐವತ್ತನೆಯದೋ ಆ ಮೆಸೇಜ್ ಹೇಳುವುದಿಲ್ಲ. ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೆ ಮೆಸೇಜ್ ಬಂದು ಸಂಜೆ ಏಳಕ್ಕೆ ಪಾರ್ಸಲ್ ಬಂದರೆ ತಡವಾಯಿತು ಅಂತಲ್ಲ. ಅದು "ಇವತ್ತಿನ ಪಟ್ಟಿಯಲ್ಲಿದೆ" ಅನ್ನುವ ಸುದ್ದಿ.

ಇನ್ನು ರಾತ್ರಿ 8:45ರ ಸಾಲು. ಮನೆಯಲ್ಲಿ ಮೂರು ಜನ ಇದ್ದಾರೆ, ಬಾಗಿಲು ತೆರೆದೇ ಇತ್ತು, ಫೋನೂ ಬಂದಿಲ್ಲ. ಆದರೆ ಪರದೆ ಹೇಳುತ್ತಿರುವುದು "Customer not available". ಸುಳ್ಳಲ್ವಾ ಇದು? ಬಹಳ ಸಲ ಹೌದು, ಸುಳ್ಳೇ. ಯಾಕೆ ಹೀಗೆ ಅಂತ ಹೇಳುತ್ತೇನೆ. ದಿನದ ಕೊನೆಗೆ ಹುಡುಗ ಪಟ್ಟಿ ಮುಚ್ಚಬೇಕು. ಪ್ರತಿ ಪಾರ್ಸಲ್‌ಗೂ ಒಂದು ಉತ್ತರ ಕೊಡದೆ ಆ್ಯಪ್ ಮುಚ್ಚಲು ಬಿಡುವುದಿಲ್ಲ. ಕೊಟ್ಟಿದ್ದರೆ "Delivered". ಕೊಡದಿದ್ದರೆ ಮೆನುವಿನಲ್ಲಿರುವ ಕಾರಣಗಳಲ್ಲಿ ಒಂದನ್ನು ಆರಿಸಬೇಕು. ಮನೆಯಲ್ಲಿ ಇರಲಿಲ್ಲ, ಫೋನ್ ತೆಗೆಯಲಿಲ್ಲ, ವಿಳಾಸ ಸರಿಯಿಲ್ಲ, ಬೇಡ ಅಂದರು, ಇನ್ನೊಂದು ದಿನ ಬನ್ನಿ ಅಂದರು, ಹೀಗೆ. "ನನಗೆ ಟೈಮ್ ಸಾಲಲಿಲ್ಲ" ಅನ್ನುವುದನ್ನು ಒತ್ತಿದರೆ ಮೇಲಿನವರು ಕೇಳುತ್ತಾರೆ. ತಪ್ಪು ಗಿರಾಕಿಯದ್ದು ಅಂತ ತೋರಿಸುವ ಕಾರಣ ಒತ್ತಿದರೆ ಯಾರೂ ಕೇಳುವುದಿಲ್ಲ. ಬಹಳ ಕಡೆ ಸಂಬಳವೂ ಕೊಟ್ಟ ಪಾರ್ಸಲ್ ಲೆಕ್ಕದಲ್ಲೇ ಬರುತ್ತದೆ. ಮಳೆ, ಬೈಕ್ ಪಂಕ್ಚರ್, ಕ್ರಾಸ್ ಸಿಗದೆ ಸುತ್ತಿದ್ದು, ಇವೆಲ್ಲ ಸೇರಿ ಹತ್ತು ಪಾರ್ಸಲ್ ಉಳಿದರೆ ಹತ್ತಕ್ಕೂ ಅದೇ ಬಟನ್. ಹುಡುಗರ ಪರ ವಕಾಲತ್ತು ವಹಿಸುತ್ತಿಲ್ಲ. ಅವರನ್ನು ಆ ಬಟನ್ ಒತ್ತುವ ಹಾಗೆ ಕೂರಿಸಿದ ಏರ್ಪಾಡನ್ನೂ ನೋಡಿ ಅಂತ ಅಷ್ಟೇ.

ನಿಮ್ಮ ಕೆಲಸ ಶುರುವಾಗುವುದು ಇಲ್ಲಿಂದ. ಈ ಸಾಲನ್ನು ಕಂಪನಿಗಳ ಒಳಗೆ ಎನ್‌ಡಿಆರ್ ಅನ್ನುತ್ತಾರೆ, ಪಾರ್ಸಲ್ ಕೊಡಲಾಗಲಿಲ್ಲ ಅನ್ನುವ ವರದಿ. ಇದು ಹೋದ ಮೇಲೆ ಸಾಮಾನ್ಯವಾಗಿ ನಿಮಗೊಂದು ಎಸ್‌ಎಂಎಸ್ ಅಥವಾ ವಾಟ್ಸ್‌ಆ್ಯಪ್ ಬರುತ್ತದೆ, ಮತ್ತೆ ಯಾವಾಗ ತರಬೇಕು ಅಂತ. ಅದಕ್ಕೆ ಅವತ್ತು ರಾತ್ರಿಯೇ ಉತ್ತರ ಕೊಡಿ, ಯಾಕೆಂದರೆ ಮರುದಿನದ ಪಟ್ಟಿ ಬೆಳಿಗ್ಗೆಯೇ ತಯಾರಾಗುತ್ತದೆ. ಮೆಸೇಜ್ ಬರದಿದ್ದರೆ ಅಂಗಡಿಯ ಆ್ಯಪ್‌ಗೇ ಹೋಗಿ, ಆರ್ಡರ್ ತೆರೆದು, ಸಹಾಯದ ಚಾಟ್‌ನಲ್ಲಿ ಎರಡು ಸಾಲು ಬರೆಯಿರಿ: ಮನೆಯಲ್ಲೇ ಇದ್ದೆವು, ಈ ನಂಬರಿಗೆ ಕಾಲ್ ಬಂದಿಲ್ಲ. ಜೊತೆಗೆ ಒಂದು ಗುರುತು ಸೇರಿಸಿ. ದಾವಣಗೆರೆಯಲ್ಲಿ "3ನೇ ಮೇನ್, 5ನೇ ಕ್ರಾಸ್" ಅನ್ನುವುದು ಪ್ರತಿ ಬಡಾವಣೆಯಲ್ಲೂ ಇದೆ. ಬಡಾವಣೆ ಹೆಸರು, ಹತ್ತಿರದ ಗುಡಿಯೋ ಶಾಲೆಯೋ ಬರೆದರೆ ಹುಡುಗನಿಗೂ ಸುಲಭ. ಸೀರೆ ಇನ್ನೂ ನಮ್ಮೂರಿನ ಆಫೀಸಿನಲ್ಲೇ ಇದೆ, ಎಲ್ಲೂ ಹೋಗಿಲ್ಲ. ಕೆಲವು ಕಂಪನಿಗಳಲ್ಲಿ ಗುರುತಿನ ಚೀಟಿ ತೋರಿಸಿ ಅಲ್ಲಿಂದಲೇ ತರಬಹುದು, ಕೆಲವರು ಕೌಂಟರ್‌ನಲ್ಲಿ ಕೊಡುವುದಿಲ್ಲ. ಕೇಳಿಕೊಂಡೇ ಹೋಗಿ.

ಒಟಿಪಿ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು. ಕೊಡುವಾಗ ಕೇಳುವ ಒಟಿಪಿ ಒಂದು. ಗಿರಾಕಿ ಬೇಡ ಅಂದರು ಅಂತ ದಾಖಲಿಸಲು ಕೇಳುವ ಒಟಿಪಿ ಇನ್ನೊಂದು. ಫೋನ್‌ನಲ್ಲಿ ಯಾರೋ "ಒಟಿಪಿ ಬಂದೈತಿ, ಹೇಳ್ರೀ" ಅಂದಾಗ ಸಂಖ್ಯೆ ಓದಿ ಹೇಳುವ ಮೊದಲು ಮೆಸೇಜ್ ಪೂರ್ತಿ ಓದಿ. ಅದರಲ್ಲಿ ಕ್ಯಾನ್ಸಲ್ ಅಂತ ಇದ್ದರೆ, ಹೇಳಿದ ಕೂಡಲೇ ನೀವೇ ಬೇಡ ಅಂದ ಹಾಗಾಗುತ್ತದೆ. ಡೆಲಿವರಿ ಒಟಿಪಿಯನ್ನಾದರೂ ಪಾರ್ಸಲ್ ಕೈಗೆ ಬಂದ ಮೇಲೆಯೇ ಹೇಳಬೇಕು. ಮೊದಲೇ ಹೇಳಿದರೆ "Delivered" ಅಂತ ಬಿದ್ದುಬಿಡುತ್ತದೆ. ಆಮೇಲೆ ಬಂದಿಲ್ಲ ಅಂತ ವಾದಿಸಲು ನಿಮ್ಮ ಕೈಲಿ ಏನೂ ಉಳಿಯುವುದಿಲ್ಲ. "*401*" ಥರದ ಕೋಡ್ ಒತ್ತಿ ಅಂತ ಕೊರಿಯರ್ ಹೆಸರಲ್ಲಿ ಫೋನ್ ಬಂದರೆ ಅದು ವಂಚನೆಯೇ. ಆ ಕೋಡ್ ನಿಮ್ಮ ಕರೆಗಳನ್ನು ಅವರ ಫೋನಿಗೆ ತಿರುಗಿಸುತ್ತದೆ. ವಿಳಾಸ ಸರಿ ಮಾಡಲು ಐದು ರೂಪಾಯಿ ಕಟ್ಟಿ ಅನ್ನುವ ಲಿಂಕ್ ಕೂಡ ಹಾಗೇ. ಯಾರಾದರೂ ಸಿಕ್ಕಿಬಿದ್ದು ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು.

ಮತ್ತೆ ಸೀರೆಗೆ ಬರೋಣ. ಶನಿವಾರ, ಸೋಮವಾರ ಕೂಡ ಇದೇ ಕಥೆ ಆಯಿತು ಅನ್ನಿ. ಬಹುತೇಕ ಕಂಪನಿಗಳು ಮೂರು ಸಲ ಪ್ರಯತ್ನ ಅಂತ ಲೆಕ್ಕ ಇಟ್ಟಿರುತ್ತವೆ. ಮೂರನೆಯದೂ ತಪ್ಪಿದರೆ ಪರದೆ ಮೇಲೆ ಬರುವುದು "Return Initiated" ಅಥವಾ "RTO Initiated". ನೋಡಿದವರಿಗೆ ತಲೆ ಕೆಡುತ್ತದೆ. "ನಾನು ರಿಟರ್ನ್ ಮಾಡೇ ಇಲ್ಲಲ್ರೀ!" ನಿಜ, ನೀವು ಮಾಡಿಲ್ಲ. ಇಲ್ಲಿ ಎರಡು ಬೇರೆ ಬೇರೆ ರಿಟರ್ನ್‌ಗಳು ಒಂದೇ ಹೆಸರಲ್ಲಿ ಬರುತ್ತವೆ. ಒಂದು, ಪಾರ್ಸಲ್ ನಿಮ್ಮ ಕೈಗೆ ಬರದೇ ಹೊರಟ ಊರಿಗೆ ವಾಪಸ್ ಹೋಗುವುದು. ಇದು ಆರ್‌ಟಿಒ, ಶುರು ಮಾಡುವುದು ಕೊರಿಯರ್. ಇನ್ನೊಂದು, ಕೈಗೆ ಬಂದ ಮೇಲೆ ಬಣ್ಣವೋ ಅಳತೆಯೋ ಸರಿಯಿಲ್ಲ ಅಂತ ನೀವೇ ವಾಪಸ್ ಕೊಡುವುದು.

ಯಾವುದು ಅಂತ ಗುರುತಿಸುವುದು ಕಷ್ಟವಿಲ್ಲ. ಅದಕ್ಕಿಂತ ಮೇಲೆ ಎಲ್ಲಾದರೂ "Delivered" ಇದೆಯಾ ನೋಡಿ. ಇಲ್ಲದಿದ್ದರೆ ಅದು ಆರ್‌ಟಿಒ. ಇದ್ದು, ಜೊತೆಗೆ ಪಿಕಪ್‌ಗೆ ದಿನಾಂಕ ಕೊಟ್ಟಿದ್ದರೆ ಅದು ನಿಮ್ಮ ರಿಟರ್ನ್.

ಆರ್‌ಟಿಒ ಶುರುವಾದ ಮೇಲೆ ಅದನ್ನು ತಿರುಗಿಸುವುದು ಬಹಳ ಕಷ್ಟ. ಸಿಸ್ಟಂನಲ್ಲಿ ಆ ಬಾರ್‌ಕೋಡಿನ ಗುರಿಯೇ ಬದಲಾಗಿರುತ್ತದೆ. ಈಗ ಯಾರು ಎಲ್ಲಿ ಸ್ಕ್ಯಾನ್ ಮಾಡಿದರೂ ಅದು ಸೂರತ್ ಅಂತಲೇ ಹೇಳುತ್ತದೆ. ಇನ್ನೂ ದಾವಣಗೆರೆ ಆಫೀಸಿನಲ್ಲೇ ಬಿದ್ದಿದ್ದರೆ, ವಾಪಸ್ ಚೀಲಕ್ಕೆ ಸೇರುವ ಮುಂಚೆ ಮಾರಾಟಗಾರ ಹೇಳಿದರೆ ಒಮ್ಮೊಮ್ಮೆ ತಡೆಯಬಹುದು. ನೀವು ಹೇಳಿದರೆ ಆಗುವುದು ಕಡಿಮೆ, ಯಾಕೆಂದರೆ ಕೊರಿಯರ್‌ಗೆ ಗಿರಾಕಿ ನೀವಲ್ಲ, ಆ ಮಾರಾಟಗಾರ. ಕೊರಿಯರ್‌ಗೆ ದುಡ್ಡು ಕೊಟ್ಟವನು ಅವನೇ. ಚೀಲ ಹತ್ತಿದ ಮೇಲಂತೂ ಸೀರೆ ಬಂದ ದಾರಿಯಲ್ಲೇ ಹೋಗುತ್ತದೆ. ಮೊದಲು ಬೆಂಗಳೂರು, ಅಲ್ಲಿಂದ ಮತ್ತೆ ನಮ್ಮ ಬೈಪಾಸ್ ಮೇಲೆ ಸೂರತ್. ಆಗ ಕಾಯುವುದಕ್ಕಿಂತ ಹೊಸದಾಗಿ ಆರ್ಡರ್ ಹಾಕುವುದೇ ಬೇಗ. ಕ್ಯಾಶ್ ಆನ್ ಡೆಲಿವರಿ ಆಗಿದ್ದರೆ ಮಾತು ಇಲ್ಲಿಗೇ ಮುಗಿಯಿತು. ಮೊದಲೇ ಕಟ್ಟಿದ್ದರೆ 1,250 ರೂಪಾಯಿ ವಾಪಸ್ ಬರಬೇಕು. ಕೆಲವು ಅಂಗಡಿಗಳು ಆರ್‌ಟಿಒ ಶುರುವಾದಾಗಲೇ ರಿಫಂಡ್ ಕೊಡುತ್ತವೆ. ಇನ್ನು ಕೆಲವು, ವಸ್ತು ಗೋದಾಮಿಗೆ ತಲುಪಿ "RTO Delivered" ಅಂತ ಬಿದ್ದ ಮೇಲೆ ಕೊಡುತ್ತವೆ.

ನಿಮ್ಮದೇ ರಿಟರ್ನ್ ಆದರೆ "Return Initiated" ಅಂದರೆ ನೀವು ಹಾಕಿದ ಅರ್ಜಿ ಒಪ್ಪಿಗೆಯಾಗಿದೆ ಅಂತ ಅರ್ಥ. ದುಡ್ಡು ಹೊರಟಿಲ್ಲ. ಹುಡುಗ ಮನೆಗೆ ಬಂದು ಟ್ಯಾಗ್ ಇದೆಯಾ, ಬಣ್ಣ ಅದೇನಾ, ಬಳಸಿದ್ದಾರಾ ಅಂತ ನೋಡಿ ತೆಗೆದುಕೊಳ್ಳುತ್ತಾನೆ. ಅವನು ಹೋಗುವ ಮೊದಲು "Return Picked Up" ಅಂತ ಮೆಸೇಜ್ ಬಂತಾ ನೋಡಿಕೊಳ್ಳಿ. ಬರದಿದ್ದರೆ ಅವನ ಮುಂದೆಯೇ ಕೇಳಿ. ಪಾರ್ಸಲ್ ಕೊಟ್ಟೂ ಸ್ಕ್ಯಾನ್ ಆಗದಿದ್ದರೆ ದಾಖಲೆಯಲ್ಲಿ ಅದು ಇನ್ನೂ ನಿಮ್ಮ ಮನೆಯಲ್ಲೇ ಇದೆ. ವಾಪಸ್ ಕೊಡುವ ಮುನ್ನ ಟ್ಯಾಗ್ ಸಮೇತ ಒಂದು ಫೋಟೋ ತೆಗೆದಿಟ್ಟರೆ ಒಳ್ಳೆಯದು. ಗೋದಾಮಿನಲ್ಲಿ ಮತ್ತೊಮ್ಮೆ ಪರೀಕ್ಷೆ ಇರುತ್ತದೆ, ತಕರಾರು ಎದ್ದರೆ ಅಲ್ಲೇ ಏಳುತ್ತದೆ.

ಆಮೇಲೆ "Refund Initiated". ಅಂಗಡಿ ತನ್ನ ಕಡೆಯಿಂದ ದುಡ್ಡು ಬಿಟ್ಟಿದೆ, ನಿಮ್ಮ ಬ್ಯಾಂಕಿಗೆ ಬಂದಿದೆ ಅಂತಲ್ಲ. ಯುಪಿಐ ಆದರೆ ಬೇಗ ಬರುತ್ತದೆ, ಕಾರ್ಡ್ ಆದರೆ ಕೆಲವು ಕೆಲಸದ ದಿನ ಹಿಡಿಯುತ್ತದೆ. ವಾರ ಕಳೆದರೂ ಬಾರದಿದ್ದರೆ ಅಂಗಡಿಯವರಿಂದ ರಿಫಂಡಿನ ರೆಫರೆನ್ಸ್ ನಂಬರ್ ಕೇಳಿ. ಯುಪಿಐಗೆ ಆರ್‌ಆರ್‌ಎನ್, ಕಾರ್ಡಿಗೆ ಎಆರ್‌ಎನ್ ಅನ್ನುತ್ತಾರೆ. ಆ ನಂಬರ್ ಹಿಡಿದು ಬ್ಯಾಂಕಿಗೆ ಹೋದರೆ ಅವರು ಹುಡುಕಬಲ್ಲರು. ನಂಬರೇ ಕೊಡಲು ಆಗದಿದ್ದರೆ ದುಡ್ಡು ಇನ್ನೂ ಅಂಗಡಿಯ ಕಡೆಯಿಂದ ಹೊರಟಿಲ್ಲ ಅಂತ ತಿಳಿಯಬಹುದು.

ಅಂಚೆ ಪಾರ್ಸಲ್‌ಗಳಲ್ಲೂ ಇದೇ ನಡೆ, ಪದ ಮಾತ್ರ ಬೇರೆ. ಸ್ಪೀಡ್ ಪೋಸ್ಟ್ ನಂಬರ್ 13 ಅಕ್ಷರದ್ದು: ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ "IN". "Item Bagged" ಅಂದರೆ ಚೀಲಕ್ಕೆ ಸೇರಿತು. "Door Locked" ಅಂದರೆ ಬಾಗಿಲು ಹಾಕಿತ್ತು ಅಂತ ಪೋಸ್ಟ್‌ಮ್ಯಾನ್ ಬರೆದಿದ್ದಾರೆ. ಇಲ್ಲೊಂದು ಅನುಕೂಲ ಇದೆ. ನಿಮ್ಮ ಬೀದಿಯ ಪೋಸ್ಟ್‌ಮ್ಯಾನ್ ಯಾರು ಅಂತ ಗೊತ್ತಿರುತ್ತದೆ, ಅಂಚೆ ಕಚೇರಿಯೂ ಹತ್ತಿರದಲ್ಲೇ ಇರುತ್ತದೆ. ಹೋಗಿ ಕೇಳಿದರೆ ಸಾಕು.

ಬರದೇ ಇದ್ದ ಪಾರ್ಸಲ್‌ಗೆ "Delivered" ಬಿದ್ದಿದ್ದರೆ ಮೊದಲು ಅಕ್ಕಪಕ್ಕದ ಮನೆ, ಕೆಳಗಿನ ಅಂಗಡಿ ಕೇಳಿ. ಅಲ್ಲೂ ಇಲ್ಲದಿದ್ದರೆ ಅವತ್ತೇ ದೂರು ಹಾಕಿ, ಡೆಲಿವರಿಯ ಪುರಾವೆ ಕೇಳಿ. ಸಹಿ, ಫೋಟೋ ಅಥವಾ ಒಟಿಪಿ, ಯಾವುದಾದರೂ ಒಂದು ಅವರ ಬಳಿ ಇರಬೇಕು. ದೂರಿನಲ್ಲಿ ಕೋಪಕ್ಕಿಂತ ವಿವರ ಕೆಲಸ ಮಾಡುತ್ತದೆ: ಎಡಬ್ಲ್ಯೂಬಿ ನಂಬರ್, ಯಾವ ಸಾಲು ಎಷ್ಟು ಗಂಟೆಗೆ ಬಿತ್ತು, ಆ ಹೊತ್ತಿನ ನಿಮ್ಮ ಕಾಲ್ ಪಟ್ಟಿಯ ಸ್ಕ್ರೀನ್‌ಶಾಟ್. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಅಂಗಡಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಸಿಕ್ಕಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ಅಧಿಕಾರಿಯ ಹೆಸರು, ಸಂಪರ್ಕ ವಿವರ ಅವರ ವೆಬ್‌ಸೈಟ್‌ನಲ್ಲೇ ಇರಬೇಕು ಅಂತಲೂ ನಿಯಮ ಇದೆ, ಸಾಮಾನ್ಯವಾಗಿ ಪುಟದ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಲ್ಲೂ ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು.